‘ರೂಲ್ ಔಟ್ ಮಾಡಲಾಗದು’ ಅಂತ ಬರೆದರೆ ಡಾಕ್ಟರು ಏನು ಓದುತ್ತಾರೆ?

ಪ್ರಶ್ನೆ: ಮೇಡಂ, ನಾನು ಎಂಡಿ ಪ್ಯಾಥಾಲಜಿ ಮುಗಿಸಿ ಎರಡು ವರ್ಷವಾಯಿತು. ಜಿಲ್ಲಾ ಕೇಂದ್ರದ ಒಂದು ಖಾಸಗಿ ಲ್ಯಾಬಿನಲ್ಲಿ ಇದ್ದೇನೆ. ಕಳೆದ ವಾರ ಕುತ್ತಿಗೆ ನೋಡ್‌ನ ಟ್ರೂಕಟ್ ಬಯಾಪ್ಸಿ ಬಂತು. ಗ್ರಾನ್ಯುಲೋಮಾ ಇತ್ತು, ಜೊತೆಗೆ ಒಂದೆರಡು ದೊಡ್ಡ ಸೆಲ್ ನೋಡಿ ಅನುಮಾನ ಬಂತು. ‘ಸಜೆಸ್ಟಿವ್ ಆಫ್ ಟ್ಯುಬರ್ಕ್ಯುಲೋಸಿಸ್, ಲಿಂಫೋಮಾ ಕೆನಾಟ್ ಬಿ ರೂಲ್ಡ್ ಔಟ್, ಅಡ್ವೈಸ್ ಕ್ಲಿನಿಕಲ್ ಕೋರಿಲೇಶನ್’ ಅಂತ ಬರೆದೆ. ಫಿಸಿಷಿಯನ್ ಮರುದಿನವೇ ಟಿಬಿ ಮಾತ್ರೆ ಶುರು ಮಾಡಿದ್ದಾರೆ. ನನ್ನ ಅನುಮಾನ ಅವರಿಗೆ ತಲುಪಲೇ ಇಲ್ಲ. ಆ ಕಾಮೆಂಟನ್ನು ಹೇಗೆ ಬರೆಯಬೇಕಿತ್ತು?

ಉತ್ತರ: ಆ ಸಾಲನ್ನು ನಾನೂ ಬರೆದಿದ್ದೇನೆ. ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಅದರಿಂದ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಕಾಮೆಂಟ್ ಬರೆಯುವುದನ್ನು ನಾನು ಕಲಿತದ್ದೇ ಆ ಕೇಸಿನಿಂದ.

ಹುಡುಗನಿಗೆ 24 ವರ್ಷ. ಕುತ್ತಿಗೆಯ ಎಡಗಡೆ ಸುಮಾರು ಮೂರು ಸೆಂಟಿಮೀಟರ್ ಗಂಟು, ಎರಡು ತಿಂಗಳಿಂದ ಜ್ವರ ಬಂದು ಹೋಗುತ್ತಿತ್ತು, ತೂಕ ಇಳಿದಿತ್ತು. ಬಯಾಪ್ಸಿ ಜೊತೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಸರ್ವೈಕಲ್ ನೋಡ್, ? ಕೋಕ್ಸ್’. ಬಾಟಲಿಯಲ್ಲಿ ಮೂರು ದಾರದಂಥ ತುಂಡು, ಅದರಲ್ಲಿ ಒಂದು ಪುಡಿಪುಡಿ. ಸ್ಲೈಡ್‌ನಲ್ಲಿ ಎಪಿಥೀಲಿಯಾಯ್ಡ್ ಗ್ರಾನ್ಯುಲೋಮಾ ಚೆನ್ನಾಗೇ ಕಂಡವು. ನೆಕ್ರೋಸಿಸ್ ಇರಲಿಲ್ಲ. ಪಕ್ಕದಲ್ಲಿ ಕೆಲವು ಇಯೋಸಿನೋಫಿಲ್. ಒಂದು ಮೂಲೆಯಲ್ಲಿ, ಸೂಜಿಯ ಒತ್ತಡಕ್ಕೆ ಅರ್ಧ ಜಜ್ಜಿಹೋದ ಜಾಗದಲ್ಲಿ, ಎರಡೋ ಮೂರೋ ದೊಡ್ಡ ಸೆಲ್, ಒಳಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್. ಎಎಫ್‌ಬಿ ಸ್ಟೇನ್ ನೆಗೆಟಿವ್. ಆ ಮೂಲೆಯನ್ನೇ ಮತ್ತೆ ನೋಡೋಣ ಅಂತ ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಿಸಿದೆ. ಆ ಜಾಗವೇ ಮುಗಿದುಹೋಗಿತ್ತು.

ನನ್ನ ರಿಪೋರ್ಟು: ಗ್ರಾನ್ಯುಲೊಮ್ಯಾಟಸ್ ಲಿಂಫ್ಯಾಡಿನೈಟಿಸ್, ಸಜೆಸ್ಟಿವ್ ಆಫ್ ಟ್ಯುಬರ್ಕ್ಯುಲೋಸಿಸ್. ಕೆಳಗೆ ಸಣ್ಣ ಅಕ್ಷರದಲ್ಲಿ, ಮ್ಯಾಲಿಗ್ನೆನ್ಸಿ ರೂಲ್ ಔಟ್ ಮಾಡಲಾಗದು, ಕ್ಲಿನಿಕಲ್ ಕೋರಿಲೇಶನ್ ಮಾಡಿ.

ಮಾತ್ರೆ ಶುರುವಾಯಿತು. ಜ್ವರ ಸ್ವಲ್ಪ ಇಳಿಯಿತು, ಎಲ್ಲರಿಗೂ ಸಮಾಧಾನ. ಎರಡನೇ ತಿಂಗಳ ಕೊನೆಗೆ ಗಂಟು ದೊಡ್ಡದಾಯಿತು. ಟಿಬಿ ನೋಡ್ ಮಾತ್ರೆ ನಡೆಯುವಾಗಲೇ ಊದಿಕೊಳ್ಳುವುದುಂಟು, ಪ್ಯಾರಡಾಕ್ಸಿಕಲ್ ರಿಯಾಕ್ಷನ್ ಅಂತೀವಲ್ಲ, ಅದೇ ಇರಬೇಕು ಅಂದುಕೊಂಡರು. ಹಾಗೆ ಅಂದುಕೊಂಡದ್ದು ತಪ್ಪೇನಲ್ಲ, ಯಾಕೆಂದರೆ ರಿಪೋರ್ಟು ಟಿಬಿ ಅಂದಿತ್ತು. ನಾಲ್ಕನೇ ತಿಂಗಳಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಇಡೀ ನೋಡ್ ತೆಗೆದರು. ಕ್ಲಾಸಿಕಲ್ ಹಾಡ್ಜ್‌ಕಿನ್ ಲಿಂಫೋಮಾ. ಹಾಡ್ಜ್‌ಕಿನ್‌ನಲ್ಲಿ ಗ್ರಾನ್ಯುಲೋಮಾ ಆಗುವುದು ಹೊಸ ಸಂಗತಿಯಲ್ಲ, ಅದನ್ನು ಪಿಜಿ ಮಕ್ಕಳಿಗೆ ನಾನೇ ಪಾಠ ಮಾಡುತ್ತಿದ್ದೆ.

ಫಿಸಿಷಿಯನ್ ಫೋನ್ ಮಾಡಿದರು. “ಮೇಡಂ, ಟಿಬಿ ಅಂತ ನೀವೇ ಕೊಟ್ಟಿದ್ದಲ್ವಾ?” ಅಂದರು. ನಾನು ಫೈಲ್ ತೆಗೆದು, “ಮ್ಯಾಲಿಗ್ನೆನ್ಸಿ ರೂಲ್ ಔಟ್ ಮಾಡೋಕಾಗಲ್ಲ ಅಂತ ಬರೆದಿದ್ದೆ ನೋಡಿ” ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಅದನ್ನು ನೀವು ಎಲ್ಲದಕ್ಕೂ ಬರೀತೀರಲ್ಲ ಮೇಡಂ” ಅಂದರು.

ಅವತ್ತು ಸಂಜೆ ಹಿಂದಿನ ತಿಂಗಳ ರಿಪೋರ್ಟುಗಳನ್ನು ತೆಗೆಸಿ ಎಣಿಸಿದೆ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಚರ್ಮದ ಸಾದಾ ಗಂಟಿಗೂ ಅದೇ ಸಾಲು, ಸಣ್ಣ ತುಂಡು ಬಂದ ಕಡೆಯೆಲ್ಲ ಅದೇ ಸಾಲು. ಹೆದರಿಕೆಯಿಂದ ಬರೆದದ್ದು ಎಷ್ಟೋ, ಅಭ್ಯಾಸಬಲದಿಂದ ಬರೆದದ್ದು ಅದಕ್ಕಿಂತ ಜಾಸ್ತಿ. ನಿಜವಾಗಿ ಅನುಮಾನ ಬಂದ ದಿನ ಆ ಸಾಲಿಗೆ ಬೆಲೆಯೇ ಉಳಿದಿರಲಿಲ್ಲ. ನೀವೂ ಈ ಎಣಿಕೆ ಮಾಡಿ. ಲ್ಯಾಬಿನ ಸಾಫ್ಟ್‌ವೇರಿನಲ್ಲಿ ಆ ಪದಗಳನ್ನು ಹುಡುಕಿದರೆ ಹತ್ತು ನಿಮಿಷದ ಕೆಲಸ. ಲೆಕ್ಕ ನೋಡಿ ಮುಜುಗರವಾಗುತ್ತದೆ, ಆಗಲಿ.

ಈಗ ಪದಗಳ ವಿಷಯ. ‘ಸಜೆಸ್ಟಿವ್ ಆಫ್’, ‘ಕನ್ಸಿಸ್ಟೆಂಟ್ ವಿತ್’, ‘ಫೇವರ್ಸ್’, ‘ಕಂಪ್ಯಾಟಿಬಲ್ ವಿತ್’ ಇವಕ್ಕೆಲ್ಲ ನಮ್ಮ ತಲೆಯಲ್ಲಿ ಒಂದೊಂದು ತೂಕ ಇರುತ್ತದೆ. ಆ ತೂಕ ನಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ಅಷ್ಟೇ ತೊಂದರೆ. ಪಕ್ಕದ ಟೇಬಲ್‌ನ ಪ್ಯಾಥಾಲಜಿಸ್ಟ್‌ಗೇ ಅದು ಬೇರೆ. ನಾನು ‘ಕನ್ಸಿಸ್ಟೆಂಟ್ ವಿತ್’ ಅಂದರೆ ‘ನೀವು ಹೇಳಿದ ಕಾಯಿಲೆಗೆ ಈ ಚಿತ್ರ ಅಡ್ಡ ಬರುವುದಿಲ್ಲ’ ಅಂತ ಅರ್ಥ. ಓದುವ ಸರ್ಜನ್‌ಗೆ ‘ಅದೇ ಕಾಯಿಲೆ’ ಅಂತ ಅರ್ಥ. ಅಮೆರಿಕದಲ್ಲಿ 2000ದಲ್ಲಿ ಇದನ್ನು ಒಂದು ಪರೀಕ್ಷೆಯ ಥರ ನಡೆಸಿ ನೋಡಿದ್ದರು. ಸರ್ಜನ್‌ಗಳ ಕೈಗೆ ಪ್ಯಾಥಾಲಜಿ ರಿಪೋರ್ಟು ಕೊಟ್ಟು, ಅದನ್ನು ನೋಡಿಕೊಂಡೇ ಉತ್ತರಿಸಿ ಅಂತ ಪ್ರಶ್ನೆ ಕೊಟ್ಟರು. 30 ಪ್ರತಿಶತ ಸಲ ಅವರು ತಿಳಿದುಕೊಂಡದ್ದು ಪ್ಯಾಥಾಲಜಿಸ್ಟ್ ಹೇಳಿದ್ದಕ್ಕಿಂತ ಬೇರೆಯೇ ಆಗಿತ್ತು. ಅನುಭವ ಜಾಸ್ತಿ ಇದ್ದವರಲ್ಲಿ ತಪ್ಪು ಕಡಿಮೆ, ಆದರೆ ಪೂರ್ತಿ ಇಲ್ಲ ಅಂತೇನಿರಲಿಲ್ಲ.

ಹಾಗಾಗಿ ಇನ್ನೂ ನಾಜೂಕಾದ ಪದ ಹುಡುಕುತ್ತಾ ಕೂತರೆ ಉಪಯೋಗವಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಬೇರೆ ದಾರಿ. ಎಷ್ಟು ಅನುಮಾನ ಅಂತ ಅಳೆಯುವ ಬದಲು ಯಾಕೆ ಅನುಮಾನ ಅಂತ ಹೇಳುವುದು.

ಕುತ್ತಿಗೆ ನೋಡ್‌ನ ಕೇಸಿನಲ್ಲೇ ನೋಡಿ. ಅನುಮಾನಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ತುಂಡು ಸಾಲಲಿಲ್ಲ, ಜಜ್ಜಿಹೋಗಿದೆ ಎಂಬುದು ಒಂದು. ತುಂಡು ಬೇಕಾದಷ್ಟಿದೆ, ಆದರೆ ಸ್ಲೈಡ್‌ನಲ್ಲಿ ಕಾಣುವ ಚಿತ್ರವೇ ಎರಡು ಮೂರು ಕಾಯಿಲೆಗೆ ಹೊಂದುತ್ತದೆ ಎಂಬುದು ಇನ್ನೊಂದು. ಮೂರನೆಯದು, ಎಲ್ಲ ಇದೆ, ಒಂದು ಟೆಸ್ಟು ಬಾಕಿ ಇದೆ. ಮೂರಕ್ಕೂ ನಾವು ‘ರೂಲ್ ಔಟ್ ಮಾಡಲಾಗದು’ ಅಂತಲೇ ಬರೆಯುತ್ತೇವೆ. ಆದರೆ ಡಾಕ್ಟರು ಮಾಡಬೇಕಾದ ಕೆಲಸ ಮೂರರಲ್ಲೂ ಬೇರೆ. ಮೊದಲನೆಯದರಲ್ಲಿ ಮತ್ತೆ ಬಯಾಪ್ಸಿ ತೆಗೆಯಬೇಕು. ಎರಡನೆಯದರಲ್ಲಿ ಮತ್ತೆ ತೆಗೆದರೂ ಅದೇ ಚಿತ್ರ ಬರಬಹುದು, ಆಗ ಎಕ್ಸ್‌ರೇ, ಸ್ಕ್ಯಾನ್, ಕಲ್ಚರ್, ರೋಗಿಯ ಕಥೆ ಇವೇ ಉತ್ತರ ಕೊಡಬೇಕು. ಮೂರನೆಯದರಲ್ಲಿ ನಾಲ್ಕು ದಿನ ಕಾಯಬೇಕು, ಅಷ್ಟೇ. ಯಾವ ಥರದ ಅನುಮಾನ ಅಂತ ಹೇಳದೆ ‘ಕೋರಿಲೇಟ್ ಮಾಡಿ’ ಅಂದರೆ ಅವರು ಏನು ಮಾಡಬೇಕು? ಕಾಯಿಲೆ ಟಿಬಿ ಇರಬಹುದು ಅಂತ ಅವರು ಚೀಟಿಯಲ್ಲೇ ಬರೆದಿದ್ದರು, ನೀವೂ ಟಿಬಿ ಅಂದಿರಿ, ಕೋರಿಲೇಶನ್ ಆಯಿತಲ್ಲ!

ಅಂದಹಾಗೆ, ಆ ‘ಕ್ಲಿನಿಕಲ್ ಕೋರಿಲೇಶನ್’ ಎಂಬ ಮಾತನ್ನು ನಾನು ಈಗ ಬರೆಯುವುದೇ ಇಲ್ಲ. ಯಾವುದರ ಜೊತೆ ತಾಳೆ ನೋಡಬೇಕು ಅಂತ ನನಗೇ ಗೊತ್ತಿದ್ದರೆ ಅದನ್ನೇ ಬರೆಯುತ್ತೇನೆ: ಎದೆಯ ಸ್ಕ್ಯಾನ್‌ನಲ್ಲಿ ಮೀಡಿಯಾಸ್ಟೈನಮ್‌ನಲ್ಲಿ ಗಂಟು ಇದೆಯೇ ನೋಡಿ ಅಂತ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಳ್ಳುವುದು ಮೇಲು.

ನನ್ನ ಆ ಹುಡುಗನ ರಿಪೋರ್ಟನ್ನು ಇವತ್ತು ಬರೆದರೆ ಹೀಗೆ ಬರೆಯುತ್ತೇನೆ. ನಾವು ಬರೆಯುವುದು ಇಂಗ್ಲಿಷಿನಲ್ಲಿ, ಇಲ್ಲಿ ಅದರ ತಿರುಳನ್ನು ಕನ್ನಡದಲ್ಲಿ ಕೊಡುತ್ತೇನೆ.

> ಡಯಾಗ್ನೋಸಿಸ್: ಎಡ ಸರ್ವೈಕಲ್ ನೋಡ್, ಟ್ರೂಕಟ್ ಬಯಾಪ್ಸಿ: ನೆಕ್ರೋಸಿಸ್ ಇಲ್ಲದ ಗ್ರಾನ್ಯುಲೋಮಾಗಳು, ಜೊತೆಗೆ ಕೆಲವು ಅಸಹಜ ದೊಡ್ಡ ಸೆಲ್‌ಗಳು. ಈ ತುಂಡಿನಲ್ಲಿ ಕಾಯಿಲೆಯನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಇಡೀ ನೋಡ್ ತೆಗೆದು ಕಳಿಸಬೇಕು (ಕಾಮೆಂಟ್ ನೋಡಿ).
>
> ಕಾಮೆಂಟ್: ದೊಡ್ಡ ಸೆಲ್‌ಗಳು ಮತ್ತು ಇಯೋಸಿನೋಫಿಲ್‌ಗಳಿಂದಾಗಿ ಹಾಡ್ಜ್‌ಕಿನ್ ಲಿಂಫೋಮಾದ ಅನುಮಾನ ನಿಜವಾಗಿಯೂ ಇದೆ. ಆದರೆ ಅವು ಎರಡು ಮೂರು ಮಾತ್ರ, ಜಜ್ಜಿಹೋದ ಜಾಗದಲ್ಲಿವೆ, ಆಳದ ಸೆಕ್ಷನ್‌ನಲ್ಲಿ ಉಳಿದಿಲ್ಲ. ಆದ್ದರಿಂದ ಈ ಬ್ಲಾಕಿನಲ್ಲಿ ಇಮ್ಯುನೋ ಮಾಡಿ ಪ್ರಯೋಜನವಿಲ್ಲ. ಟಿಬಿಯೂ ಸಾಧ್ಯ. ಎಎಫ್‌ಬಿ ನೆಗೆಟಿವ್ ಬಂದದ್ದರಿಂದ ಟಿಬಿ ಇಲ್ಲ ಅಂತ ಆಗುವುದಿಲ್ಲ.
>
> ಇರುವುದರಲ್ಲಿ ದೊಡ್ಡ ನೋಡನ್ನು ಇಡಿಯಾಗಿ ತೆಗೆದು, ಅರ್ಧವನ್ನು ಸ್ಟೆರೈಲ್ ಡಬ್ಬಿಯಲ್ಲಿ ನಾರ್ಮಲ್ ಸಲೈನ್ ಹಾಕಿ ಸಿಬಿನ್ಯಾಟ್ ಮತ್ತು ಕಲ್ಚರ್‌ಗೆ, ಇನ್ನರ್ಧವನ್ನು ಫಾರ್ಮಲಿನ್‌ನಲ್ಲಿ ನಮಗೆ ಕಳಿಸಿ. ಅಲ್ಲಿಯವರೆಗೆ ಸ್ಟೆರಾಯ್ಡ್ ಬೇಡ. ಈ ರಿಪೋರ್ಟೊಂದನ್ನೇ ಆಧರಿಸಿ ಟಿಬಿ ಚಿಕಿತ್ಸೆ ಶುರು ಮಾಡುವುದೂ ಬೇಡ.
>
> ಈ ವಿಷಯವನ್ನು ಚಿಕಿತ್ಸೆ ಮಾಡುತ್ತಿರುವ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದ್ದೇನೆ (ಹೆಸರು, ದಿನಾಂಕ, ಸಮಯ).

ಇದರ ಹಿಂದಿನ ಲೆಕ್ಕಾಚಾರ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಅನುಮಾನವನ್ನು ಡಯಾಗ್ನೋಸಿಸ್ ಸಾಲಿಗೇ ತಂದಿದ್ದೇನೆ. ಇದು ನಿಮ್ಮ ರಿಪೋರ್ಟಿನಲ್ಲಿ ಆಗಿರುವ ದೊಡ್ಡ ಎಡವಟ್ಟು. ದಪ್ಪ ಅಕ್ಷರದ ಸಾಲು ಟಿಬಿ ಅಂತಿದೆ, ಕೆಳಗಿನ ಸಣ್ಣ ಸಾಲು ಅದನ್ನು ಹಿಂದಕ್ಕೆ ಎಳೆಯುತ್ತಿದೆ. ವಾರ್ಡಿನಲ್ಲಿ ಹೌಸ್ ಸರ್ಜನ್ ಕೇಸ್ ಶೀಟಿಗೆ ಬರೆದುಕೊಳ್ಳುವುದು ದಪ್ಪ ಅಕ್ಷರದ ಸಾಲನ್ನು ಮಾತ್ರ. ಡಿಸ್ಚಾರ್ಜ್ ಸಮರಿಗೆ ಹೋಗುವುದೂ ಅದೇ. ಮೂರನೇ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ‘ಎಚ್‌ಪಿಇ: ಟಿಬಿ’ ಎಂಬ ಎರಡು ಪದ ಉಳಿದಿರುತ್ತವೆ, ನಿಮ್ಮ ಕಾಮೆಂಟ್ ಎಲ್ಲೋ ಬೀರುವಿನಲ್ಲಿರುತ್ತದೆ. ಟಿಬಿ 2012ರಿಂದ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ. ನಿಕ್ಷಯ್‌ನಲ್ಲಿ ಹೆಸರು ಏರಿತು ಅಂದರೆ ಆರು ತಿಂಗಳ ದಾರಿ ಹಿಡಿದ ಹಾಗೆ. ಆಮೇಲೆ ಅಡ್ಡ ನಿಂತು ‘ಸ್ವಲ್ಪ ತಡೀರಿ’ ಅನ್ನುವವರು ಯಾರೂ ಇರುವುದಿಲ್ಲ.

ಹಾಗಾದರೆ ಡಯಾಗ್ನೋಸಿಸ್ ಸಾಲಿನಲ್ಲಿ ಕಾಯಿಲೆಯ ಹೆಸರೇ ಬೇಡವೇ? ನನ್ನ ಅಭಿಪ್ರಾಯ ಕೇಳಿದರೆ, ಹೆಸರು ಕೊಡುವಷ್ಟು ಪುರಾವೆ ಇಲ್ಲದಾಗ ಕಂಡದ್ದನ್ನು ಬರೆಯಿರಿ, ಹೆಸರನ್ನು ಕಾಮೆಂಟಿಗೆ ಬಿಡಿ. ‘ಒಂದು ಪದದಲ್ಲಿ ಹೇಳಿ ಮೇಡಂ’ ಅಂತ ಒತ್ತಾಯ ಬರುತ್ತದೆ. ರೋಗಿ ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬಂದಿರುತ್ತಾನೆ, ಇನ್ನೊಂದು ಆಪರೇಶನ್ ಅಂದರೆ ಖರ್ಚು ಬೇರೆ. ಆ ಒತ್ತಾಯ ಅರ್ಥವಾಗುವಂಥದ್ದೇ. ಆದರೆ ಆ ಒಂದು ಪದ ಕೊಟ್ಟು ಬೇಡದ ಚಿಕಿತ್ಸೆಯಲ್ಲಿ ನಾಲ್ಕು ತಿಂಗಳು ಕಳೆಸಿದರೆ ಖರ್ಚು ಇನ್ನೂ ಜಾಸ್ತಿಯಾಯಿತು, ಅಲ್ವಾ.

ಎರಡನೆಯದು, ಹೆಸರುಗಳ ಕ್ರಮ. ಎರಡು ಕಾಯಿಲೆ ಬರೆದರೆ ಓದುವವರು ಮೊದಲನೆಯದನ್ನೇ ನಮ್ಮ ಮನಸ್ಸಿನ ಮಾತು ಅಂದುಕೊಳ್ಳುತ್ತಾರೆ. ನಮ್ಮ ಊರುಗಳಲ್ಲಿ ಗ್ರಾನ್ಯುಲೋಮಾ ಅಂದರೆ ಟಿಬಿಯೇ ಜಾಸ್ತಿ, ಅದಕ್ಕೆ ಕೈ ತಾನಾಗಿ ಟಿಬಿಯನ್ನು ಮೊದಲು ಬರೆಯುತ್ತದೆ. ಈ ಕೇಸಿನಲ್ಲಿ ನಾನು ಹಾಡ್ಜ್‌ಕಿನ್ ಅನ್ನು ಮೊದಲು ಬರೆದಿದ್ದೇನೆ. ಅದೇ ಹೆಚ್ಚು ಸಂಭವ ಅಂತ ಅಲ್ಲ, ಮುಂದಿನ ಹೆಜ್ಜೆಯನ್ನು ನಿರ್ಧರಿಸುವುದು ಅದು ಅಂತ. ಒಂದರ ಕಡೆ ನಿಮ್ಮ ಒಲವು ಇದ್ದರೆ ಮುಚ್ಚಿಡಬೇಡಿ, ‘ಇವೆರಡರಲ್ಲಿ ನನ್ನ ಒಲವು ಇದರ ಕಡೆ, ಯಾಕೆಂದರೆ…’ ಅಂತ ಬರೆಯಿರಿ. ಒಲವು ಇಲ್ಲದಿದ್ದರೆ ಅದನ್ನೂ ಬರೆಯಿರಿ.

ಮೂರನೆಯದು, ‘ಅಡ್ವೈಸ್ ಐಎಚ್‌ಸಿ’ ಎಂಬ ಮಂತ್ರ. ಟ್ರೂಕಟ್‌ನಲ್ಲಿ ಅನುಮಾನ ಬಂದಾಗ ಅದನ್ನು ಬರೆದು ಕೈ ತೊಳೆದುಕೊಳ್ಳುವವರು ತುಂಬಾ ಜನ. ಬ್ಲಾಕ್ ಬೆಂಗಳೂರಿಗೆ ಹೋಗುತ್ತದೆ, ರೋಗಿ ಸಾವಿರಗಟ್ಟಲೆ ಕಟ್ಟುತ್ತಾನೆ, ವಾರ ಕಳೆದ ಮೇಲೆ ಬರುವ ಉತ್ತರ: ‘ಬ್ಲಾಕಿನಲ್ಲಿ ಅಸಹಜ ಸೆಲ್ ಉಳಿದಿಲ್ಲ’. ಇಮ್ಯುನೋ ಸಲಹೆ ಕೊಡುವ ಮುಂಚೆ ಬ್ಲಾಕನ್ನು ಕೈಯಲ್ಲಿ ಹಿಡಿದು ನೋಡಿ. ಮೇಣದಲ್ಲಿ ತುಂಡು ಉಳಿದಿದೆಯೇ, ಕೊನೆಯ ಸೆಕ್ಷನ್‌ನಲ್ಲಿ ಅನುಮಾನದ ಜಾಗ ಇದೆಯೇ? ಇದ್ದರೆ ‘ಬ್ಲಾಕಿನಲ್ಲಿ ಸಾಕಷ್ಟಿದೆ, ಸಿಡಿ30, ಸಿಡಿ15, ಪ್ಯಾಕ್ಸ್5, ಸಿಡಿ20, ಸಿಡಿ3 ಮಾಡಿಸಬೇಕು’ ಅಂತ ಹೆಸರು ಹೇಳಿ ಬರೆಯಿರಿ. ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ. ಇಲ್ಲ ಅಂತ ಬರೆದರೇನೇ ಸರ್ಜನ್ ಮತ್ತೆ ಕತ್ತಿ ಹಿಡಿಯಲು ಒಪ್ಪುವುದು.

ಇಲ್ಲಿ ನನ್ನದೇ ಇನ್ನೊಂದು ತಪ್ಪಿತ್ತು, ಅದು ಬರವಣಿಗೆಯದಲ್ಲ. ಸಣ್ಣ ತುಂಡು ಬಂದಾಗ ಮೊದಲ ಸುತ್ತಿನಲ್ಲೇ ಎಂಟು ಹತ್ತು ಖಾಲಿ ಸೆಕ್ಷನ್‌ಗಳನ್ನು ಕೋಟೆಡ್ ಸ್ಲೈಡ್ ಮೇಲೆ ತೆಗೆದಿಡಬೇಕು. ನಾನು ಸ್ಟೇನ್ ಮೇಲೆ ಸ್ಟೇನ್ ಮಾಡಿಸಿ, ಆಳ ಆಳಕ್ಕೆ ಕತ್ತರಿಸಿ, ಇದ್ದದ್ದನ್ನೂ ಮೈಕ್ರೋಟೋಮಿನ ಬ್ಲೇಡಿಗೆ ಕೊಟ್ಟೆ. ಪ್ರತಿ ಸಲ ಬ್ಲಾಕನ್ನು ಮತ್ತೆ ಕೂರಿಸಿ ಸಮ ಮಾಡುವಾಗಲೇ ಒಂದಷ್ಟು ಟಿಶ್ಯೂ ಕಸವಾಗುತ್ತದೆ. ಟೆಕ್ನಿಷಿಯನ್‌ಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಬಾಟಲಿ ಬಂದಾಗಲೇ ಗ್ರಾಸಿಂಗ್ ಚೀಟಿಯಲ್ಲಿ ಬರೆದಿಡಿ.

ನಾಲ್ಕನೆಯದು, ಮುಂದಿನ ಹೆಜ್ಜೆಯನ್ನು ಬರೆಯುವ ರೀತಿ. ‘ಎಕ್ಸಿಷನ್ ಬಯಾಪ್ಸಿ ಅಡ್ವೈಸ್ಡ್’ ಅಂತ ಮೂರು ಪದ ಬರೆದರೆ ಸರ್ಜನ್ ನೋಡ್ ತೆಗೆಯುತ್ತಾರೆ, ಓಟಿ ಸಿಸ್ಟರ್ ಅದನ್ನು ರೂಢಿಯಂತೆ ಇಡಿಯಾಗಿ ಫಾರ್ಮಲಿನ್‌ಗೆ ಹಾಕುತ್ತಾರೆ. ಮುಗಿಯಿತು ಕಥೆ. ಫಾರ್ಮಲಿನ್‌ಗೆ ಬಿದ್ದ ಟಿಶ್ಯೂನಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತದೆ, ಕಲ್ಚರ್ ಆಗುವುದಿಲ್ಲ, ಸಿಬಿನ್ಯಾಟ್‌ಗೂ ಅದು ಸರಿಯಾದ ಸ್ಯಾಂಪಲ್ ಅಲ್ಲ. ಅದಕ್ಕೇ ಯಾವ ಡಬ್ಬಿ, ಯಾವ ದ್ರವ, ಎಷ್ಟು ಭಾಗ ಅಂತ ಬಿಡಿಸಿ ಬರೆದಿದ್ದೇನೆ. ಅದು ಓಟಿ ಸಿಸ್ಟರ್‌ಗಾಗಿ ಬರೆದ ವಾಕ್ಯ.

ಎಎಫ್‌ಬಿ ನೆಗೆಟಿವ್ ಎಂಬುದನ್ನು ವಿವರಿಸಿದ್ದೂ ಹೀಗೆಯೇ. ಸ್ಟೇನ್‌ನಲ್ಲಿ ಕಾಣಬೇಕಾದರೆ ಬ್ಯಾಸಿಲೈ ಸಾಕಷ್ಟು ಸಂಖ್ಯೆಯಲ್ಲಿರಬೇಕು. ಕಫದಲ್ಲೇ ಒಂದು ಮಿಲಿಲೀಟರಿಗೆ 5,000ದಿಂದ 10,000 ಇದ್ದರೆ ಸ್ಮಿಯರ್‌ನಲ್ಲಿ ಕಾಣುತ್ತವೆ ಅನ್ನುವುದು ಪಠ್ಯದ ಲೆಕ್ಕ. ಸಿಬಿನ್ಯಾಟ್‌ಗೆ ನೂರರ ಲೆಕ್ಕದಲ್ಲಿದ್ದರೂ ಸಾಕು. ನೋಡ್‌ನಲ್ಲಿ ಬ್ಯಾಸಿಲೈ ಮೊದಲೇ ಕಡಿಮೆ. ಇದೆಲ್ಲ ರಿಪೋರ್ಟಿನಲ್ಲಿ ಬೇಡ, ‘ನೆಗೆಟಿವ್ ಬಂದದ್ದರಿಂದ ಟಿಬಿ ಇಲ್ಲ ಅಂತ ಆಗುವುದಿಲ್ಲ’ ಎಂಬ ಒಂದು ವಾಕ್ಯ ಸಾಕು. ಆದರೆ ತದ್ವಿರುದ್ಧವಾದ ಅಪಾಯವೂ ಒಂದಿದೆ. ನಾಳೆ ಸಿಬಿನ್ಯಾಟ್ ಪಾಸಿಟಿವ್ ಬಂತು ಅನ್ನಿ, ಎಲ್ಲರೂ ದೊಡ್ಡ ಸೆಲ್‌ಗಳನ್ನು ಮರೆತುಬಿಡುತ್ತಾರೆ. ಟಿಬಿಯೂ ಲಿಂಫೋಮಾವೂ ಒಬ್ಬರಲ್ಲೇ ಇರಬಹುದು. ದೊಡ್ಡ ಸೆಲ್‌ಗಳು ನಿಜವಾಗಿಯೂ ಕಾಡುತ್ತಿದ್ದರೆ ‘ಟಿಬಿ ಸಾಬೀತಾದರೂ ನೋಡ್‌ನ ಪರೀಕ್ಷೆ ಬಿಡಬೇಡಿ’ ಅಂತ ಸೇರಿಸಿ.

ಸ್ಟೆರಾಯ್ಡ್ ಬೇಡ ಅಂತ ಬರೆಯಲು ಕೆಲವರು ಹಿಂಜರಿಯುತ್ತಾರೆ, ‘ಚಿಕಿತ್ಸೆ ವಿಷಯ ನಮಗ್ಯಾಕೆ’ ಅಂತ. ನಾನು ಹಿಂಜರಿಯುವುದಿಲ್ಲ. ಸ್ಟೆರಾಯ್ಡ್ ಕೊಟ್ಟರೆ ಲಿಂಫೋಮಾ ಗಂಟು ಕುಗ್ಗುತ್ತದೆ, ನಮಗೆ ಬೇಕಾದ ಸೆಲ್‌ಗಳೇ ಸಿಗದೆ ಹೋಗಬಹುದು. ನನ್ನ ಮುಂದಿನ ಸ್ಲೈಡ್ ಹಾಳಾಗುವ ವಿಷಯ ಅದು, ಹೇಳುವ ಹಕ್ಕು ನನಗಿದೆ. ಮಾತ್ರೆಯ ಡೋಸ್, ಎಷ್ಟು ತಿಂಗಳು ಅನ್ನುವುದೆಲ್ಲ ಅವರದು, ಅದಕ್ಕೆ ಕೈ ಹಾಕುವುದಿಲ್ಲ. ರೋಗಿಯ ಸ್ಥಿತಿ ತೀರಾ ಕೆಟ್ಟಿದ್ದರೆ ಅವರು ಕಾಯಲಾಗದೆ ಟಿಬಿ ಮಾತ್ರೆ ಶುರು ಮಾಡಬೇಕಾಗಬಹುದು. ಅದಕ್ಕೇ ‘ಈ ರಿಪೋರ್ಟೊಂದನ್ನೇ ಆಧರಿಸಿ’ ಎಂಬ ಪದಗಳನ್ನು ಇಟ್ಟೆ. ಅವರಿಗೆ ಬೇರೆ ಆಧಾರ ಇದ್ದರೆ ನಾನು ತಡೆಯುವವಳಲ್ಲ.

ಇಷ್ಟೆಲ್ಲ ಓದಿ, ಇನ್ನು ಮೇಲೆ ಎಲ್ಲ ಗ್ರಾನ್ಯುಲೋಮಾಗೂ ಇಷ್ಟುದ್ದ ಕಾಮೆಂಟ್ ಬರೆಯಬೇಡಿ. ಹಾಗೆ ಮಾಡಿದರೆ ಮತ್ತೆ ಅದೇ ಬೆಲೆಯಿಲ್ಲದ ಸಾಲಿನ ಕಥೆ. ಕೇಸಿಯಸ್ ನೆಕ್ರೋಸಿಸ್ ಇದೆ, ಎಎಫ್‌ಬಿ ಕಂಡಿತು. ಆಗ ‘ಸಜೆಸ್ಟಿವ್’ ಯಾಕೆ? ‘ನೆಕ್ರೋಟೈಸಿಂಗ್ ಗ್ರಾನ್ಯುಲೊಮ್ಯಾಟಸ್ ಲಿಂಫ್ಯಾಡಿನೈಟಿಸ್, ಎಎಫ್‌ಬಿ ಪಾಸಿಟಿವ್, ಟಿಬಿ’ ಅಂತ ನೇರವಾಗಿ ಬರೆದು, ರಿಫಾಂಪಿಸಿನ್ ರೆಸಿಸ್ಟೆನ್ಸ್ ತಿಳಿಯಲು ಸಿಬಿನ್ಯಾಟ್ ಕಳಿಸಿ ಅನ್ನಿ. ಕೇಸಿಯಸ್ ನೆಕ್ರೋಸಿಸ್ ಇದೆ, ಎಎಫ್‌ಬಿ ಕಾಣಲಿಲ್ಲ, ಅಸಹಜ ಸೆಲ್ ಒಂದೂ ಇಲ್ಲ. ಆಗ ‘ಟಿಬಿಯ ಸಾಧ್ಯತೆಯೇ ಎಲ್ಲಕ್ಕಿಂತ ಹೆಚ್ಚು, ಸ್ಟೇನ್ ನೆಗೆಟಿವ್ ಆದದ್ದು ಇದನ್ನು ಬದಲಿಸುವುದಿಲ್ಲ, ಖಚಿತಪಡಿಸಲು ಹಸಿ ಟಿಶ್ಯೂ ಅಥವಾ ಸೂಜಿಯಲ್ಲಿ ತೆಗೆದ ದ್ರವವನ್ನು ಸಿಬಿನ್ಯಾಟ್‌ಗೆ ಕಳಿಸಿ’. ಲಿಂಫೋಮಾ ಎಂಬ ಪದ ಅಲ್ಲಿ ಬರಲೇಬಾರದು. ಅನುಮಾನ ಇಲ್ಲದ ಕಡೆ ಅದನ್ನು ಬರೆಯದೆ ಉಳಿಸಿಕೊಂಡರೆ ಇರುವ ಕಡೆ ಅದು ಕೇಳಿಸುತ್ತದೆ.

ಸೂಜಿ ಪರೀಕ್ಷೆ ಮಾಡುವವರಿಗೆ ಈ ತಾಪತ್ರಯ ಸ್ವಲ್ಪ ಕಡಿಮೆ. ಥೈರಾಯ್ಡ್‌ಗೆ ಬೆಥೆಸ್ಡಾ ಅಂತ ಆರು ಮೆಟ್ಟಿಲಿನ ಪದ್ಧತಿ ಇದೆ, ಪ್ರತಿ ಮೆಟ್ಟಿಲಿಗೂ ಅಪಾಯ ಇಷ್ಟು, ಮಾಡಬೇಕಾದದ್ದು ಇದು ಅಂತ ಜೊತೆಗೇ ಬರುತ್ತದೆ. ನೋಡ್‌ನ ಸೂಜಿ ಪರೀಕ್ಷೆಗೂ 2020ರಲ್ಲಿ ಸಿಡ್ನಿ ಪದ್ಧತಿ ಅಂತ ಐದು ಮೆಟ್ಟಿಲಿನದು ಬಂತು. ನೋಡ್ ಬಯಾಪ್ಸಿಯಲ್ಲಿ ನಮಗೆ ಅಂಥ ಮೆಟ್ಟಿಲು ಇಲ್ಲ, ವಾಕ್ಯದಲ್ಲೇ ಕಟ್ಟಬೇಕು. ನಾನು ನಮ್ಮ ಸರ್ಜನ್, ಫಿಸಿಷಿಯನ್‌ಗಳ ಜೊತೆ ಒಂದು ಮಧ್ಯಾಹ್ನ ಕೂತು ಮೂರೇ ಪದ ಒಪ್ಪಿಕೊಂಡೆ. ಹೆಸರು ನೇರವಾಗಿ ಬರೆದರೆ ಖಚಿತ. ‘ಫೇವರ್’ ಅಂದರೆ ಚಿಕಿತ್ಸೆ ಯೋಚಿಸಬಹುದು, ಆದರೆ ಹೇಳಿದ ಟೆಸ್ಟ್ ಮಾಡಿಸಿ. ‘ಖಚಿತವಾಗಿ ಹೇಳಲಾಗದು’ ಅಂದರೆ ಇದರ ಮೇಲೆ ಚಿಕಿತ್ಸೆ ಬೇಡ, ಮತ್ತೆ ಟಿಶ್ಯೂ ಬೇಕು. ಉಳಿದ ಪದಗಳನ್ನು ಲ್ಯಾಬಿನ ಟೆಂಪ್ಲೇಟಿನಿಂದಲೇ ಅಳಿಸಿಸಿದೆ. ನಮ್ಮ ಟೈಪಿಸ್ಟ್‌ಗೆ ಕೋರಿಲೇಶನ್ ಎಂಬ ಪದ ಕೈಗೆ ಎಷ್ಟು ಅಂಟಿತ್ತು ಅಂದರೆ ಆರು ತಿಂಗಳು ಅದು ತಾನಾಗಿ ಬಂದು ಕೂರುತ್ತಿತ್ತು.

ಬರೆದದ್ದು ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ನನಗೊಂದು ಸುಲಭ ದಾರಿ ಇದೆ. ಸಹಿ ಮಾಡುವ ಮುಂಚೆ ಕೇಸ್ ಗೊತ್ತಿಲ್ಲದ ಒಬ್ಬ ಹೌಸ್ ಸರ್ಜನ್‌ಗೋ ಪಿಜಿಗೋ ರಿಪೋರ್ಟ್ ಓದಲು ಕೊಟ್ಟು, “ನಾಳೆ ಬೆಳಿಗ್ಗೆ ಈ ರೋಗಿಗೆ ಏನು ಮಾಡ್ತೀಯಪ್ಪ?” ಅಂತ ಕೇಳುತ್ತೇನೆ. ‘ಏನು ಕಾಯಿಲೆ’ ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಜಾಣತನದ ಉತ್ತರ ಕೊಡುತ್ತಾರೆ. ಏನು ಮಾಡ್ತೀಯ ಅಂದಾಗ ಗೊತ್ತಾಗುತ್ತದೆ. ಹಳೆಯ ನನ್ನ ರಿಪೋರ್ಟನ್ನು ಹೆಸರು ಮುಚ್ಚಿ ಹೀಗೆ ಮೂವರಿಗೆ ಓದಿಸಿದೆ. ಮೂವರೂ ಎಟಿಟಿ ಶುರು ಮಾಡುತ್ತೇನೆ ಅಂದರು. ಹೊಸದನ್ನು ಓದಿಸಿದಾಗ ಒಬ್ಬಳು “ಸರ್ಜರಿಗೆ ರೆಫರ್ ಮಾಡ್ತೀನಿ, ಸಲೈನ್ ಡಬ್ಬಿ ಎಲ್ಲಿ ಸಿಗುತ್ತೆ ಮೇಡಂ?” ಅಂತ ಕೇಳಿದಳು. ಕಾಮೆಂಟಿನಿಂದ ನಾನು ಬಯಸುವುದು ಅದನ್ನೇ.

ಒಂದು ಮಾತು ರೋಗಿಯ ಬಗ್ಗೆ. ಈಗ ರಿಪೋರ್ಟು ಡಾಕ್ಟರಿಗಿಂತ ಮೊದಲು ರೋಗಿಯ ವಾಟ್ಸಾಪಿಗೆ ಹೋಗುತ್ತದೆ. ಲಿಂಫೋಮಾ ಎಂಬ ಪದ ನೋಡಿ ಮನೆಯವರೆಲ್ಲ ರಾತ್ರಿಯಿಡೀ ಗೂಗಲ್ ಮಾಡುತ್ತಾರೆ. ಅದಕ್ಕೆ ಹೆದರಿ ಪದವನ್ನು ತೆಗೆಯಬೇಡಿ. ರಿಪೋರ್ಟ್ ಬಿಡುಗಡೆ ಮಾಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಅವರು ಮೊದಲು ಮಾತಾಡಲಿ. ಫೋನ್ ಮಾಡಿದ್ದನ್ನು ರಿಪೋರ್ಟಿನಲ್ಲಿ ಬರೆಯುವುದು ನಾಳೆ ಯಾರ ಮೇಲೋ ತಪ್ಪು ಹೊರಿಸಲು ಅಲ್ಲ. ಆ ಸಾಲು ನೋಡಿದ ಮುಂದಿನ ಡಾಕ್ಟರಿಗೆ ಇದು ಸಾಮಾನ್ಯ ಕೇಸ್ ಅಲ್ಲ ಅಂತ ತಿಳಿಯುತ್ತದೆ.

ಈಗ ನಿಮ್ಮ ಕೇಸಿಗೆ. ಮಾತ್ರೆ ಶುರುವಾಗಿ ಒಂದು ವಾರವೂ ಆಗಿಲ್ಲ, ಕೈ ಮೀರಿಲ್ಲ. ಇವತ್ತೇ ಬ್ಲಾಕ್ ತೆಗೆದು ನೋಡಿ. ದೊಡ್ಡ ಸೆಲ್ ಇದ್ದ ಜಾಗ ಉಳಿದಿದ್ದರೆ ಖಾಲಿ ಸೆಕ್ಷನ್ ತೆಗೆಸಿ ಇಮ್ಯುನೋಗೆ ಕಳಿಸಿ, ಲಿಂಫೋಮಾ ಜಾಸ್ತಿ ನೋಡುವ ಒಬ್ಬರಿಗೆ ಸ್ಲೈಡನ್ನೂ ತೋರಿಸಿ. ಆಮೇಲೆ ಫಿಸಿಷಿಯನ್‌ಗೆ ಫೋನ್ ಮಾಡಿ. “ಸರ್, ನೀವು ತಪ್ಪು ಓದಿದ್ದೀರಿ” ಅಂತ ಶುರು ಮಾಡಬೇಡಿ. “ಸರ್, ನಾನು ಬರೆದದ್ದು ಸ್ಪಷ್ಟವಾಗಿರಲಿಲ್ಲ. ಆ ಸ್ಲೈಡ್‌ನಲ್ಲಿ ನನಗೆ ಕಾಡುತ್ತಿರುವ ಒಂದೆರಡು ಸೆಲ್ ಇವೆ” ಅನ್ನಿ. ಮಾತ್ರೆ ಮುಂದುವರಿಸುವುದೋ ನಿಲ್ಲಿಸುವುದೋ ಅವರು ನೋಡಿಕೊಳ್ಳಲಿ, ನೋಡ್ ತೆಗೆಸಲು ಮಾತ್ರ ಒಪ್ಪಿಸಿ. ಬೇರೆ ಕಡೆ ಇನ್ನೂ ದೊಡ್ಡ ನೋಡ್ ಇದೆಯೇ, ಎದೆಯ ಸ್ಕ್ಯಾನ್ ಆಗಿದೆಯೇ ಅಂತಲೂ ಕೇಳಿ, ಚೀಟಿಯಲ್ಲಿ ಬರೆಯದ ಎಷ್ಟೋ ವಿಷಯ ಫೋನಿನಲ್ಲಿ ಸಿಗುತ್ತದೆ. ಫೋನ್ ಇಟ್ಟ ಕೂಡಲೇ ಹೊಸ ರಿಪೋರ್ಟು ಬರೆಯಿರಿ. ‘ತಿದ್ದಿದ ರಿಪೋರ್ಟು’ ಎಂಬ ಪದ ಮತ್ತು ದಿನಾಂಕ ಎಲ್ಲಕ್ಕಿಂತ ಮೇಲೆ ಬರಲಿ, ಹಿಂದಿನದರಲ್ಲಿ ಯಾವ ಸಾಲು ಬದಲಾಯಿತು ಅಂತ ಅದರ ಕೆಳಗೆ. ಹಳೆಯ ಪ್ರತಿ ರೋಗಿಯ ಫೈಲಿನಲ್ಲಿದ್ದರೆ ಅದರ ಮೇಲೆಯೇ ಹೊಸದನ್ನು ಪಿನ್ ಮಾಡಲು ವಾರ್ಡಿನ ಸಿಸ್ಟರ್‌ಗೆ ಹೇಳಿ.